ಹಾಕಿದೆ, ಹಾಕಿತ್ತು, ಹಾಕುತ್ತದೆ

ಶ್ರೀರಂಗಪಟ್ಟಣದ ‘ಲೋಕಪಾವನಿ ಸಂಜೆ’ ನಾಲ್ಕು ಪುಟದ ಪತ್ರಿಕೆ. ಮಧ್ಯಾಹ್ನ ಒಂದಕ್ಕೆ ಅಚ್ಚಾಗಿ, ಮೂರರೊಳಗೆ ಬಸ್ಸುಗಳ ಟಾಪ್ ಏರಿ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೇರುತ್ತಿತ್ತು. ಅದರ ಮಾಲೀಕರೂ ಸಂಪಾದಕರೂ ಅನಂತರಾಮು. ಉಪಸಂಪಾದಕ, ವರದಿಗಾರ, ಕರಡು ತಿದ್ದುವವ, ರಾಶಿಭವಿಷ್ಯಕಾರ ಎಲ್ಲವೂ ಸುಶಮೀಂದ್ರ ಒಬ್ಬನೇ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಶೀರ್ಷಿಕೆ ಕೊಡುತ್ತಿದ್ದ. ವೇತನ ಹೆಚ್ಚಿರಲಿಲ್ಲ, ಶೀರ್ಷಿಕೆಯ ಬಗ್ಗೆ ಅಭಿಮಾನ ಮಾತ್ರ ಬೇಕಾದಷ್ಟಿತ್ತು.

ಹುಡುಗನಾಗಿದ್ದಾಗ ಮೈಸೂರಿನ ಒಂದು ಪತ್ರಿಕೆಯಲ್ಲಿ ಅವನು ಕೆಲಸ ಕಲಿತಿದ್ದ. ಇಂಗ್ಲಿಷ್ ಪತ್ರಿಕೆಯವರು ನಿನ್ನೆ ಸತ್ತವರನ್ನೂ ಶೀರ್ಷಿಕೆಯಲ್ಲಿ ‘ಸಾಯುತ್ತಾರೆ’ ಎಂದೇ ಬರೆಯುತ್ತಾರೆ, ಆಗ ಸುದ್ದಿ ಹಸಿಯಾಗಿರುತ್ತದೆ ಎಂದು ಅಲ್ಲಿಯ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು. ಕನ್ನಡದಲ್ಲಿ ಅಷ್ಟು ಕಷ್ಟವೂ ಬೇಡ. ನಮ್ಮಲ್ಲಿ ಕಾಲ ಇರುವುದು ಕ್ರಿಯಾಪದದ ಬಾಲದಲ್ಲಿ, ಬಾಲ ಕತ್ತರಿಸಿದರೆ ಕಾಲವೂ ಹೋಯಿತು. ‘ಲಾರಿ ಪಲ್ಟಿ’, ‘ಸಚಿವರ ಭೇಟಿ’, ‘ನಾಲೆಗೆ ನೀರು’. ಪಲ್ಟಿ ಆಯಿತೋ, ಭೇಟಿ ನಾಳೆಯೋ, ನೀರು ಬಂದಿತೋ ಬರುವುದೋ, ತಿಳಿಯಬೇಕಾದವರು ಪತ್ರಿಕೆ ಕೊಂಡು ಒಳಗೆ ಓದಲಿ. ಸುಶಮೀಂದ್ರನ ವೃತ್ತಿಧರ್ಮವೆಲ್ಲ ಇಷ್ಟೇ. ಆ ಡಿಸೆಂಬರಿನ ಮಂಗಳವಾರ ಅವನು ತನ್ನ ಧರ್ಮವನ್ನೇ ಮೀರಿದ್ದರಿಂದ ತೊಂದರೆ ಶುರುವಾಯಿತು.

ಅಂದು ಮುಖಪುಟದಲ್ಲಿ ಬರಬೇಕಿದ್ದ ಜಾಹೀರಾತು ಹನ್ನೊಂದು ಗಂಟೆಗೆ ಕೈಕೊಟ್ಟಿತು. ಅನಂತರಾಮು ತಮ್ಮ ಮೇಜಿನ ಮೇಲಿದ್ದ ದಪ್ಪ ಪುಸ್ತಕವೊಂದನ್ನು ಅವನ ಮುಂದೆ ತಳ್ಳಿ, ಇದರಲ್ಲಿ ಏನಾದರೂ ಸಿಕ್ಕೀತು ನೋಡಿ ಎಂದರು. ಯಾವುದೋ ಕಾಲೇಜಿನ ವಿಚಾರಸಂಕಿರಣದಲ್ಲಿ ಓದಿದ ಸಂಶೋಧನಾ ಪ್ರಬಂಧಗಳ ಸಾರಾಂಶಗಳು, ಎಲ್ಲ ಇಂಗ್ಲಿಷಿನಲ್ಲಿ. ಸುಶಮೀಂದ್ರ ಪುಟ ತಿರುವುತ್ತ ಹೋದ. ಎಪ್ಪತ್ತೊಂದನೆಯ ಪುಟದಲ್ಲಿ ಸುಧ ಎಂಬ ಸಂಶೋಧಕಿ ಪಾಂಡವಪುರ ಮತ್ತು ಕೆ.ಆರ್.ಪೇಟೆ ತಾಲ್ಲೂಕಿನ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳ ಬಗ್ಗೆ ಮಾಡಿದ ಅಧ್ಯಯನದ ಸಾರಾಂಶವಿತ್ತು. ಮೂರು ಕಟಾವಿನ ಹಂಗಾಮುಗಳಲ್ಲಿ ಇಷ್ಟು ಗದ್ದೆಗಳನ್ನು ಪರಿಶೀಲಿಸಲಾಯಿತು, ಹನ್ನೊಂದು ಕಡೆ ಮರಿಗಳು ಕಂಡುಬಂದವು, ಅದರಲ್ಲಿ ಕ್ಯಾತನಹಳ್ಳಿಯ ಒಂದು ಗದ್ದೆಯಲ್ಲಿ ಎರಡು ಮರಿ. ಕೊನೆಯಲ್ಲಿ, ಹೆಣ್ಣು ಚಿರತೆಗಳು ಮರಿಗಳ ಆಸರೆಗೆ ಕಬ್ಬನ್ನು ಬಳಸುತ್ತಿರಬಹುದು ಎಂದು ಒಂದು ಅಳುಕಿನ ವಾಕ್ಯ.

ಚಿರತೆ ಮತ್ತು ಕ್ಯಾತನಹಳ್ಳಿ ಎಂಬ ಎರಡು ಶಬ್ದ ಕಂಡದ್ದೇ ಸುಶಮೀಂದ್ರನಿಗೆ ಸಾಕಾಯಿತು. ಹರಿಕಥೆ ದಾಸರು ಹನುಮಂತ ಹಾರಿದ ಎನ್ನುವುದಿಲ್ಲ, ‘ಹಾರುತ್ತಾನೆ, ನೋಡಿ’ ಎನ್ನುತ್ತಾರೆ. ಆ ಧಾಟಿಯಲ್ಲೇ ಅವನು ವರದಿ ಬರೆದ. ತಾಯಿ ಚಿರತೆ ಸಾಲುಗಳ ನಡುವೆ ನುಸುಳುತ್ತದೆ, ತರಗಿನ ಮೇಲೆ ಮೈ ಚಾಚುತ್ತದೆ, ಮರಿಗಳ ನೆತ್ತಿ ನೆಕ್ಕುತ್ತದೆ. ಶೀರ್ಷಿಕೆ ಎಂದಿನಂತೆ ‘ಕ್ಯಾತನಹಳ್ಳಿ ಕಬ್ಬಿನಲ್ಲಿ ಚಿರತೆ ಮರಿ’ ಎಂದಿಟ್ಟ. ಪುಟದಲ್ಲಿ ಕೂರಿಸಿ ನೋಡಿದರೆ ಬಲಗಡೆ ಮೂರು ಬೆರಳಿನಷ್ಟು ಖಾಲಿ. ಅಕ್ಷರ ದೊಡ್ಡದು ಮಾಡಿದರೆ ಎರಡನೆಯ ಸಾಲಿಗೆ ಉರುಳುತ್ತಿತ್ತು. ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಖಾಲಿ ತುಂಬಲೆಂದು ಅವನು ಕೊನೆಗೆ ‘ಹಾಕಿದೆ’ ಎಂದು ಸೇರಿಸಿದ. ಅಳತೆ ಮಾಡಿ ಕೊಟ್ಟಂತೆ ಕೂತಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ, ಅರವತ್ತು ದಾಟಿದ ರೈತರೊಬ್ಬರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತಿದರು. ಹೆಸರು ಅಂದಾನಯ್ಯ, ಊರು ಕ್ಯಾತನಹಳ್ಳಿ. ಅರ್ಧ ಎಕರೆ ಕಬ್ಬು ಕಟಾವಿಗೆ ಬಂದಿತ್ತು. ಕಾರ್ಖಾನೆಯ ಕಟಾವು ಆರ್ಡರು ಶನಿವಾರದವರೆಗೆ ಮಾತ್ರ. ಕಬ್ಬು ಕಡಿಯಲು ಬಂದ ಮಂಚಮ್ಮನ ಗ್ಯಾಂಗು ಪತ್ರಿಕೆ ಓದಿಸಿಕೊಂಡು ಬದುವಿನ ಮೇಲೆ ಕೂತುಬಿಟ್ಟಿತ್ತು. ಹದಿನಾಲ್ಕು ಜನ, ಹದಿನಾಲ್ಕು ಮಚ್ಚು, ಒಂದೂ ಏಳುತ್ತಿರಲಿಲ್ಲ.

“ಯಾವ ಗದ್ದೇಲಿ ಆಕೈತೆ ಸ್ವಾಮಿ? ತೋರ್ಸಿ, ಅದ್ನ ಬುಟ್ಟು ಮಿಕ್ಕಿದ್ದನ್ನ ಕಡುಸ್ತೀನಿ,” ಎಂದರು ಅಂದಾನಯ್ಯ.

ಸುಶಮೀಂದ್ರ ಪುಸ್ತಕ ತೆಗೆದು ನೋಡಿ, ಅದು ಮೂರು ವರ್ಷದ ಹಿಂದಿನ ಮಾತು, ಈಗ ಆ ಮರಿಗಳೇ ಮೊಮ್ಮಕ್ಕಳನ್ನು ಕಂಡಿರಬಹುದು ಎಂದು ನಗುತ್ತ ಹೇಳಿದ. ಅಂದಾನಯ್ಯ ನಗಲಿಲ್ಲ.

“ಅಂಗಂದ್ಮ್ಯಾಕೆ ಆಕೈತೆ ಅಂತ ಯಾಕೆ ಬರುದ್ರಿ? ನಮ್ಮೆಮ್ಮೆ ಕರ ಆಕೈತೆ ಅಂದ್ರೆ ನೀವು ಗಿಣ್ಣು ಕೇಳ್ಕಂಡು ಬತ್ತೀರಿ. ಆಕಿತ್ತು ಅಂದ್ರೆ ಬತ್ತೀರಾ?”

ಕನ್ನಡ ಎಂ.ಎ. ಮಾಡಿದ್ದ ಸುಶಮೀಂದ್ರನಿಗೆ ಈ ವ್ಯತ್ಯಾಸ ಗೊತ್ತಿಲ್ಲದೆ ಇರಲಿಲ್ಲ. ‘ಬಂದಿದ್ದಾನೆ’ ಎಂದರೆ ಬಂದವನು ಇನ್ನೂ ಇದ್ದಾನೆ, ಒಳಗೆ ಹೋಗಿ ಎಲೆ ಹಾಕಬೇಕು. ಮೂರು ಬೆರಳು ಜಾಗಕ್ಕಾಗಿ ಅವನು ಒಂದು ಚಿರತೆಯನ್ನು ಮೂರು ವರ್ಷ ಗದ್ದೆಯಲ್ಲೇ ಕೂರಿಸಿಬಿಟ್ಟಿದ್ದ. ಇವತ್ತೇ ತಿದ್ದುಪಡಿ ಹಾಕುತ್ತೇನೆ ಎಂದು ಮಾತು ಕೊಟ್ಟು ಅಂದಾನಯ್ಯನವರಿಗೆ ಕಾಫಿ ತರಿಸಿದ.

ಬುಧವಾರದ ಪತ್ರಿಕೆಯಲ್ಲಿ ಚೌಕಟ್ಟು ಹಾಕಿ ಅಚ್ಚಾಯಿತು: ‘ಕ್ಯಾತನಹಳ್ಳಿಯಲ್ಲಿ ಚಿರತೆ ಮರಿ ಹಾಕಿತ್ತು: ಸ್ಪಷ್ಟನೆ’. ರೈತರೇ ಸೂಚಿಸಿದ ಕಾಲ ಅದು. ಇದಕ್ಕಿಂತ ಸರಿ ಇರುವುದು ಸಾಧ್ಯವಿಲ್ಲ ಎಂದುಕೊಂಡು ಸುಶಮೀಂದ್ರ ನೆಮ್ಮದಿಯಾಗಿ ಮನೆಗೆ ಹೋದ.

ಗುರುವಾರ ಬೆಳಿಗ್ಗೆ ಅರಣ್ಯ ಇಲಾಖೆಯ ಗಾರ್ಡೊಬ್ಬ ಕ್ಯಾತನಹಳ್ಳಿಗೆ ಬಂದು, ಮರಿ ಹಾಕಿತ್ತಲ್ಲ, ಆಮೇಲೆ ಏನಾಯಿತು ಎಂದು ಮನೆ ಮನೆ ವಿಚಾರಿಸತೊಡಗಿದ. ಪತ್ರಿಕೆ ಓದಿದವರ ಮನಸ್ಸಿನಲ್ಲೆಲ್ಲ ಅದೇ ಪ್ರಶ್ನೆ. ‘ಹಾಕಿತ್ತು’ ಎಂದರೆ ಮಾತು ಮುಗಿದಂತಾಗುವುದಿಲ್ಲ, ಮುಂದೆ ಒಂದು ‘ಆದರೆ’ ಇದ್ದೇ ಇರುತ್ತದೆ. ‘ಊಟ ಮಾಡಿದ್ದೆ’ ಎಂದವನು ಮತ್ತೆ ಹಸಿವಾಯಿತು ಎನ್ನಲೇಬೇಕು. ಮಧ್ಯಾಹ್ನದೊಳಗೆ ಊರಿನವರೇ ಆ ‘ಆದರೆ’ಯನ್ನು ತುಂಬಿದ್ದರು. ಯಾರೋ ಮರಿ ಕದ್ದೊಯ್ದಿದ್ದಾರೆ, ಮರಿ ಕಳೆದುಕೊಂಡ ತಾಯಿ ಕಬ್ಬಿನಲ್ಲಿ ಹುಚ್ಚೆದ್ದು ತಿರುಗುತ್ತಿದೆ. ಮಂಚಮ್ಮ ಬದುವಿನಿಂದ ಎದ್ದು ಇನ್ನೂ ದೂರದ ನಾಲೆ ಏರಿಯ ಮೇಲೆ ಹೋಗಿ ಕೂತಳು. ಮರಿ ಇರುವ ಚಿರತೆಯಾದರೂ ವಾಸಿ, ಮರಿ ಕಳಕೊಂಡದ್ದು ಯಾರನ್ನೂ ಬಿಡುವುದಿಲ್ಲ ಎಂಬುದು ಅವಳ ವಾದ.

ಅಂದಾನಯ್ಯ ಈ ಸಲ ಫೋನು ಮಾಡಿದರು. “ಸ್ವಾಮಿ, ನೀವು ಆಕೈತೆ ಅಂದಿದ್ದೇ ಚೆನ್ನಾಗಿತ್ತು,” ಎಂದು ಇಟ್ಟುಬಿಟ್ಟರು.

ಅನಂತರಾಮು ಕನ್ನಡಕ ತೆಗೆದು ಒರೆಸಿಕೊಂಡರು. ಆದದ್ದು, ಆಗಿದ್ದದ್ದು ಎಂದು ಕೆದಕುವುದರಿಂದಲೇ ಗಲಾಟೆ ಎಂದು ಅವರು ತೀರ್ಪು ಕೊಟ್ಟರು. ವಿಜ್ಞಾನದವರು ಹೇಗೆ ಬರೆಯುತ್ತಾರೆ? ನೀರು ನೂರು ಡಿಗ್ರಿಗೆ ಕುದಿಯುತ್ತದೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ. ಯಾವತ್ತು, ಯಾರ ಮನೆಯಲ್ಲಿ ಎಂದು ಯಾರಾದರೂ ಕೇಳುತ್ತಾರೆಯೇ? ಹಾಗೆ ಒಂದು ಸಾಮಾನ್ಯ ಸತ್ಯವನ್ನು ಹಾಕಿ, ಊರ ಹೆಸರೂ ಬೇಡ ಎಂದರು. ಸುಶಮೀಂದ್ರನಿಗೂ ಅದು ಹಿಡಿಸಿತು. ಸಾರಾಂಶದ ಕೊನೆಯ ವಾಕ್ಯದಲ್ಲಿದ್ದ ‘ಇರಬಹುದು’ ಉದ್ದಕ್ಕೆ ಅಡ್ಡ ಬಂತು, ತೆಗೆದ. ಗುರುವಾರ ಅಚ್ಚಾದದ್ದು: ‘ಕಬ್ಬಿನಲ್ಲಿ ಚಿರತೆ ಮರಿ ಹಾಕುತ್ತದೆ: ವಿಜ್ಞಾನಿ’.

ಶುಕ್ರವಾರ ಎಂಟು ಗಂಟೆಯಿಂದಲೇ ಫೋನು ಬಡಿದುಕೊಳ್ಳತೊಡಗಿತು. ಮೊದಲ ಕರೆ ನಾಗಮಂಗಲದ್ದು, ಯಾವ ದಿನ ಹಾಕುತ್ತದೆ ಎಂದು ಕೇಳಲು. ಎರಡನೆಯದು ಕೆ.ಆರ್.ಪೇಟೆಯದು. ಅವರದ್ದು ಹಳೆಯ ಬುಡದಿಂದ ಚಿಗುರಿದ ಮೂರನೆಯ ಕೂಳೆ ಕಬ್ಬು, ಅದರಲ್ಲೂ ಹಾಕುತ್ತದೆಯೋ, ಹೊಸ ನಾಟಿಯಲ್ಲಿ ಮಾತ್ರವೋ? ಪಾಂಡವಪುರದ ಹೋಟೆಲೊಂದರಲ್ಲಿ ಎರಡು ಗುಂಪಾಗಿ, ಅಮಾವಾಸ್ಯೆಗೆ ಹಾಕುತ್ತದೆ, ಇಲ್ಲ ಹುಣ್ಣಿಮೆಗೆ ಎಂದು ಪಂದ್ಯ ಕಟ್ಟಿದ್ದರಂತೆ. ಕನ್ನಡದಲ್ಲಿ ‘ಬಸ್ಸು ಬರುತ್ತದೆ’ ಎಂದರೆ ದಿನಾ ಬರುತ್ತದೆ ಎಂದೂ ಆಗುತ್ತದೆ, ಇಗೋ ಇನ್ನು ಬರುತ್ತದೆ ಎಂದೂ ಆಗುತ್ತದೆ. ವಿಜ್ಞಾನಿಯೇ ಹೇಳಿದ ಮೇಲೆ ಇದು ಪಂಚಾಂಗಕ್ಕಿಂತ ಗಟ್ಟಿ ಎಂದು ಜನ ಎರಡನೆಯ ಅರ್ಥವನ್ನೇ ಹಿಡಿದರು. ಕ್ಯಾತನಹಳ್ಳಿಯ ಒಂದು ಗದ್ದೆಯಲ್ಲಿ ನಿಂತಿದ್ದ ಕಟಾವು ಈಗ ಮೂರು ತಾಲ್ಲೂಕಿನಲ್ಲಿ ನಿಂತಿತು.

ಹನ್ನೆರಡರ ಹೊತ್ತಿಗೆ ಸ್ಕೂಟರಿನಲ್ಲಿ ಒಬ್ಬ ಹೆಣ್ಣುಮಗಳು ಬಂದಿಳಿದಳು. ಮೂವತ್ತರ ಆಸುಪಾಸು, ಕಾಲಿಗೆ ಕ್ಯಾನ್ವಾಸ್ ಬೂಟು, ಕೈಯಲ್ಲಿ ‘ಲೋಕಪಾವನಿ ಸಂಜೆ’ಯ ಮೂರು ಸಂಚಿಕೆ. ಸಿಂಧಘಟ್ಟದ ರೈತರ ಮಗಳು, ಸಾರಾಂಶ ಬರೆದ ಸುಧ ತಾನೇ ಎಂದು ಪರಿಚಯ ಹೇಳಿಕೊಂಡಳು. ಅವರಪ್ಪನ ಕಬ್ಬೂ ನಿಂತಿತ್ತು, ಅವರಪ್ಪ ಮಗಳನ್ನು ಮಾತಾಡಿಸುವುದನ್ನೇ ನಿಲ್ಲಿಸಿದ್ದರು. ಕೂರಿ ಎಂದರೆ ಕೂರಲಿಲ್ಲ.

“ಸಾರ್, ಒಂದು ಕ್ರಿಯಾಪದಕ್ಕೆ ನಾನು ಮೂರು ತಿಂಗಳು ಒದ್ದಾಡಿದೀನಿ. ನೀವು ಮೂರೇ ದಿನಕ್ಕೆ ಮೂರು ಕಾಲಾನೂ ಮುಗಿಸ್ಬುಟ್ರಿ.”

ಆಮೇಲೆ ಕೂತಳು, ನೀರು ಕುಡಿದಳು, ಸಮಾಧಾನವಾಗಿ ವಿವರಿಸಿದಳು. ಮೊದಲ ಕರಡಿನಲ್ಲಿ ಅವಳೂ ‘ಚಿರತೆಗಳು ಕಬ್ಬಿನಲ್ಲಿ ಮರಿ ಹಾಕುತ್ತವೆ’ ಎಂದೇ ಬರೆದಿದ್ದಳಂತೆ. ಅವಳ ಗೈಡು ಅದರ ಸುತ್ತ ಕೆಂಪು ಗೆರೆ ಎಳೆದು, ಇಡೀ ಜಗತ್ತಿನ ಕಬ್ಬಿಗೆ ನೀನು ಹೊಣೆಯೋ ಎಂದು ಕೇಳಿದ್ದರು. ತಾನು ಮಾಡಿದ್ದು, ತಾನು ಕಂಡದ್ದು ಭೂತಕಾಲದಲ್ಲೇ ಇರಬೇಕು. ಆ ಗದ್ದೆ, ಆ ಹಂಗಾಮು, ಅಷ್ಟು ಮರಿ, ಅದರಾಚೆಗೆ ಆ ವಾಕ್ಯ ಹೆಜ್ಜೆ ಇಡಬಾರದು. ಈ ವಿಷಯದಲ್ಲಿ ಬೇರೆಯವರು ಕಂಡುಕೊಂಡದ್ದು ಇವತ್ತಿಗೂ ನಿಂತಿದೆ ಎನ್ನುವಾಗ ‘ದಾಖಲಾಗಿದೆ’, ‘ಕಂಡುಬಂದಿದೆ’ ಎನ್ನಬಹುದು, ಲೆಕ್ಕ ಇನ್ನೂ ಮುಚ್ಚಿಲ್ಲ ಎಂದು ಅದರ ಅರ್ಥ. ವರ್ತಮಾನ ಬಳಸುವುದು ಕೊನೆಗೆ, ತಾನು ನೋಡದ ಗದ್ದೆಗೂ ಮಾತು ಕೊಡುವ ಧೈರ್ಯವಿದ್ದಾಗ. ಅವಳಿಗೆ ಅಷ್ಟು ಧೈರ್ಯವಿರಲಿಲ್ಲ, ಅದಕ್ಕೇ ‘ಇರಬಹುದು’ ಸೇರಿಸಿದ್ದಳು.

“ಅದನ್ನೇ ತೆಗ್ದಾಕಿದೀರಲ್ಲ ಸಾರ್,” ಎಂದಳು. “ಇಡೀ ಸಾರಾಂಶದಲ್ಲಿ ನನ್ನದು ಅಂತ ಇದ್ದಿದ್ದು ಅದೊಂದೇ.”

ಸುಶಮೀಂದ್ರನಿಗೆ ಇಪ್ಪತ್ತೆರಡು ವರ್ಷದಲ್ಲಿ ಬೈದವರು ಬೇಕಾದಷ್ಟು ಜನ. ಹೆಸರು ತಪ್ಪಿದೆ, ಫೋಟೋ ತಪ್ಪಿದೆ, ಸತ್ತವರು ಬದುಕಿದ್ದಾರೆ ಎಂದೆಲ್ಲ. ಬಹುದು ಎಂಬ ಒಂದು ತುಣುಕಿಗಾಗಿ ಇಷ್ಟು ನೊಂದವರನ್ನು ಅವನು ಕಂಡಿರಲಿಲ್ಲ. ತನ್ನ ಹಾಗೆಯೇ ಶಬ್ದದ ಬಾಲವನ್ನು ಹಿಡಿದು ಬದುಕುವ ಇನ್ನೊಂದು ಜೀವ ಸಿಕ್ಕಿದಂತೆ ಅನಿಸಿ, ನಾಚಿಕೆಯ ನಡುವೆಯೂ ಒಂದು ಬಗೆಯ ಸಂತೋಷವಾಯಿತು. ಇವತ್ತಿನ ಪತ್ರಿಕೆಯಲ್ಲಿ ಈ ವಿಷಯವೇ ಬೇಡ, ನಾಳೆ ನಾನೇ ನಿಮ್ಮ ಜೊತೆ ಗದ್ದೆಗೆ ಬರುತ್ತೇನೆ ಎಂದ. ಅನಂತರಾಮು ತಮ್ಮ ಮೇಜಿನಿಂದಲೇ ಕೂಗಿ, ಹೋಗುವುದಾದರೆ ಒಂದು ಫೋಟೋ ತನ್ನಿ ಎಂದರು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಸುಶಮೀಂದ್ರ ಕ್ಯಾತನಹಳ್ಳಿಯಲ್ಲಿ ಬಸ್ಸಿನಿಂದ ಇಳಿದಾಗ ಸುಧ ಆಗಲೇ ಬಂದಿದ್ದಳು. ನಾಲೆ ಏರಿಯ ಮೇಲೆ ಮಂಚಮ್ಮ ಮೊಣಕಾಲು ಮಡಿಸಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಪಕ್ಕದಲ್ಲಿ ಅಂದಾನಯ್ಯ ನಿಂತಿದ್ದರು. ಲಾರಿ ರಸ್ತೆಯಲ್ಲಿ ಬಂದು ಕಾಯುತ್ತಿತ್ತು. ಸುಧ ಮೂರು ವರ್ಷದ ಹಿಂದೆ ತಾನು ಕಂಡ ಮರಿಗಳ ಕತೆಯನ್ನೆಲ್ಲ ಹೇಳಿದಳು. ಕಟಾವಿನವರು ಮುಟ್ಟದೆ ದೂರ ನಿಂತದ್ದು, ಕತ್ತಲಾದ ಮೇಲೆ ತಾಯಿ ಬಂದು ಎರಡನ್ನೂ ಕಚ್ಚಿಕೊಂಡು ಹೋದದ್ದು. ಮಂಚಮ್ಮ ಪೂರ್ತಿ ಕೇಳಿಸಿಕೊಂಡಳು.

“ಅದೆಲ್ಲ ಸರಿ ಕಣವ್ವ. ಈಗ ಒಳ್ಗೆ ಐತೋ ಇಲ್ವೋ?”

ಸುಶಮೀಂದ್ರ ಸುಧಳ ಮುಖ ನೋಡಿದ. ಅವಳು ಕಬ್ಬಿನ ಕಡೆ ನೋಡಿ, “ಗೊತ್ತಿಲ್ಲ ಕಣಮ್ಮ. ನೋಡೀನೇ ಹೇಳ್ಬೇಕು,” ಎಂದಳು.

ಮಂಚಮ್ಮ ಎಲೆ ಬಾಯಿಗಿಟ್ಟು ಎದ್ದಳು. ನಾಲ್ಕು ದಿನದಿಂದ ಎಲ್ಲರೂ ಗೊತ್ತಿದ್ದವರಂತೆಯೇ ಮಾತಾಡಿದ್ದರು, ಗೊತ್ತಿಲ್ಲ ಎಂದವಳು ಇವಳೊಬ್ಬಳೇ, ಹಾಗಾಗಿ ಇವಳ ಹಿಂದೆ ಹೋಗಬಹುದು ಎಂದು ತನ್ನವರಿಗೆ ಹೇಳಿದಳು. ಮೊದಲು ಗದ್ದೆಯ ಸುತ್ತ ತೇವವಿದ್ದ ಕಡೆಯಲ್ಲೆಲ್ಲ ಹೆಜ್ಜೆ ಗುರುತು ಹುಡುಕಿದರು. ನಾಯಿಯದು ಇತ್ತು, ಹಂದಿಯದು ಇತ್ತು, ಅಂದಾನಯ್ಯನವರದೇ ಹತ್ತಾರು ಇತ್ತು. ಚಿರತೆಯದು ಕಾಣಲಿಲ್ಲ. ಆಮೇಲೆ ಸುಧ ಹೇಳಿದಂತೆ ರಸ್ತೆಯ ಕಡೆಯಿಂದ ಒಂದೇ ಸಾಲಾಗಿ ನಿಂತು, ಒಳಗೆ ಏನಿದ್ದರೂ ಹಿಂದಿನ ಕುರುಚಲಿಗೆ ಓಡಿಹೋಗಲು ದಾರಿ ಬಿಟ್ಟು, ಜೋರಾಗಿ ಮಾತಾಡುತ್ತ ಕಡಿಯತೊಡಗಿದರು. ಮಾತಿಗೆ ಬರ ಇರಲಿಲ್ಲ, ಎಲ್ಲರೂ ಸುಶಮೀಂದ್ರನ ಪತ್ರಿಕೆಯ ಬಗ್ಗೆಯೇ ಮಾತಾಡಿದರು.

ಹತ್ತೂವರೆಯ ಹೊತ್ತಿಗೆ ನಡುಗದ್ದೆಯಲ್ಲಿ ಯಾರೋ ಕಿರುಚಿಕೊಂಡರು. ಹದಿನಾಲ್ಕು ಮಚ್ಚು ಒಟ್ಟಿಗೇ ಕೆಳಗೆ ಬಿದ್ದವು. ಗ್ಯಾಂಗು ಓಡಿತು, ಅಂದಾನಯ್ಯ ಓಡಿದರು, ಯಾವ ಕಡೆ ಎಂದು ತಿಳಿಯದೆ ಸುಶಮೀಂದ್ರ ಕಬ್ಬಿನ ಒಳಗಡೆಗೇ ಓಡಿ ಸುಧಳ ಬೆನ್ನಿಗೆ ಡಿಕ್ಕಿ ಹೊಡೆದ. ಅವಳು ಬಗ್ಗಿ ತರಗು ಸರಿಸುತ್ತಿದ್ದಳು. ಅಂಗೈಯಗಲದ ಮೂರು ಮರಿಗಳು ಒಂದರ ಮೇಲೊಂದು ಬಿದ್ದುಕೊಂಡು ಕುಂಯ್‌ಗುಡುತ್ತಿದ್ದವು.

ಸುಧ ಬಾಲ ನೋಡಿದಳು, ಕಿವಿ ನೋಡಿದಳು. ಚಿರತೆಯ ಮರಿಗಾದರೆ ಮೈತುಂಬ ಒತ್ತೊತ್ತಾಗಿ ಕಪ್ಪು ಮಚ್ಚೆ ಇರುತ್ತದೆ, ಬಾಲ ಉದ್ದ. ಇವಕ್ಕೆ ಮಣ್ಣುಬಣ್ಣದ ಮೈಮೇಲೆ ಮಾಸಲು ಗೆರೆ, ಬಾಲ ಮೋಟು. ಕಾಡುಬೆಕ್ಕು. ಕಬ್ಬಿನಲ್ಲಿ ಇವು ಸಿಕ್ಕಾಗಲೆಲ್ಲ ಚಿರತೆ ಎಂದೇ ಗುಲ್ಲೇಳುತ್ತದೆ ಎಂದು ಹೇಳಿ, ಮರಿಗಳನ್ನು ಮುಟ್ಟದೆ ಸುತ್ತ ಒಂದಷ್ಟು ಕಬ್ಬು ಬಿಟ್ಟು ಮಿಕ್ಕಿದ್ದು ಕಡಿಯಿರಿ, ತಾಯಿ ಬಂದು ಬೇರೆ ಕಡೆ ಒಯ್ಯುತ್ತದೆ ಎಂದಳು. ಮಂಚಮ್ಮ ಹಿಂದಿರುಗಿ ಬಂದು ಇಣುಕಿದಳು. ಇಷ್ಟಕ್ಕೆ ಮೂರು ದಿನ ಕೂಲಿ ಕಳಕೊಂಡೆವಲ್ಲ ಎಂದು ನಗಾಡುತ್ತ ಮಚ್ಚು ಎತ್ತಿಕೊಂಡಳು.

ಸುಶಮೀಂದ್ರ ಬದುವಿನ ಮೇಲೆ ಬಂದು ಅನಂತರಾಮುಗೆ ಫೋನು ಮಾಡಿದ. ಅವರು ಕೇಳಿಸಿಕೊಂಡು ಕ್ಷಣದಲ್ಲಿ ಶೀರ್ಷಿಕೆ ಕೊಟ್ಟರು: ‘ಕ್ಯಾತನಹಳ್ಳಿಯಲ್ಲಿ ಚಿರತೆ ಇಲ್ಲ’. ಚಿಕ್ಕದು, ದಪ್ಪಕ್ಷರಕ್ಕೆ ಸೊಗಸು. ಪಕ್ಕದಲ್ಲಿದ್ದ ಸುಧ ತಲೆ ಅಲ್ಲಾಡಿಸಿದಳು. ‘ಇಲ್ಲ’ ಎಂಬುದಕ್ಕೆ ಬಾಲವೇ ಇಲ್ಲ, ನಿನ್ನೆ ಇವತ್ತು ನಾಳೆ ಮೂರಕ್ಕೂ ಅದೊಂದೇ. ನಾಳೆ ಬೆಳಿಗ್ಗೆ ಒಂದು ಬಂದರೆ ಯಾರು ಹೊಣೆ? ಸುಶಮೀಂದ್ರ ಜೀವನದಲ್ಲಿ ಮೊದಲ ಸಲ ಸಂಪಾದಕರೊಡನೆ ಶೀರ್ಷಿಕೆಗಾಗಿ ಜಗಳಕ್ಕೆ ನಿಂತ. ಹತ್ತು ನಿಮಿಷ ಬಿಸಿಲಲ್ಲಿ ನಿಂತು, ಬಾಲವೂ ಇರಲಿ, ದಿನವೂ ಇರಲಿ, ಎರಡು ಸಾಲಾದರೂ ಚಿಂತೆಯಿಲ್ಲ ಎಂದು ಹಟ ಹಿಡಿದ. ಕೊನೆಗೆ ಅಚ್ಚಾದದ್ದು: ‘ಕ್ಯಾತನಹಳ್ಳಿಯ ಒಂದು ಗದ್ದೆಯಲ್ಲಿ ಶನಿವಾರ ಬೆಳಿಗ್ಗೆ ಚಿರತೆ ಕಾಣಿಸಲಿಲ್ಲ, ಕಾಡುಬೆಕ್ಕಿನ ಮೂರು ಮರಿ ಕಂಡವು’. ಇದು ಶೀರ್ಷಿಕೆಯಲ್ಲ, ಕ್ರಯಪತ್ರ ಎಂದು ಅನಂತರಾಮು ಗೊಣಗಿದರು. ಆದರೂ ಹಾಕಿದರು.

ಸಂಜೆಯೊಳಗೆ ಅರ್ಧ ಎಕರೆಯೂ ಲಾರಿ ಏರಿತು, ನಡುವೆ ನಾಲ್ಕು ಮಾರು ಕಬ್ಬು ಮಾತ್ರ ನಿಂತಿತ್ತು. ಅಂದಾನಯ್ಯ ಬೇಡವೆಂದರೂ ಕೇಳದೆ ಆರು ಜಲ್ಲೆ ಕಟ್ಟಿ ಸುಶಮೀಂದ್ರನ ಹೆಗಲ ಮೇಲಿಟ್ಟರು. ಸುಧ ತನ್ನ ಪುಸ್ತಕದಲ್ಲಿ ತಾರೀಕು, ಗಂಟೆ, ಮೂರು ಮರಿ ಎಂದು ಗುರುತು ಹಾಕಿಕೊಂಡು ಸಿಂಧಘಟ್ಟದ ದಾರಿ ಹಿಡಿದಳು. ಇನ್ನು ಮೇಲೆ ‘ಬಹುದು’ ಎಂಬುದನ್ನು ಕತ್ತರಿಸುವುದಿಲ್ಲ ಎಂದು ಸುಶಮೀಂದ್ರ ಅವಳಿಗೆ ಮಾತು ಕೊಟ್ಟಿದ್ದ.

ಜಲ್ಲೆ ಹೊತ್ತು ಬಸ್ಸು ಹತ್ತಿದವನನ್ನು ನೋಡಿ ಕಂಡಕ್ಟರು, ಕ್ಯಾತನಹಳ್ಳಿಯಿಂದಲೋ, ಚಿರತೆ ಇದೆಯಂತಲ್ಲ ಎಂದು ವಿಚಾರಿಸಿದ.

“ಬೆಳಿಗ್ಗೆ ಹತ್ತೂವರೆಗೆ ನೋಡಿದಾಗ ಕಾಣಿಸಲಿಲ್ಲ,” ಎಂದ ಸುಶಮೀಂದ್ರ, ಒಂದೊಂದೇ ಶಬ್ದವನ್ನು ತೂಗಿ.

ಕಂಡಕ್ಟರು ಟಿಕೇಟು ಹರಿದುಕೊಟ್ಟು ಮುಂದೆ ಸಾಗಿದ. ಬಸ್ಸಿನ ಮುಂಭಾಗದಲ್ಲಿ ಯಾರಿಗೋ ಅವನು ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು.

“ಹತ್ತೂವರೆಗೆ ಒಂಟೋಗೈತಂತೆ ಕಣ್ಲಾ. ಈಗ ಕರಿಘಟ್ಟದ ಕಡೀಕ್ ಬತ್ತಾ ಇರ್ಬೇಕು.”

ಸುಶಮೀಂದ್ರ ಎದ್ದು ತಿದ್ದಲು ಹೊರಟ. ಜಲ್ಲೆಗಳು ಕಂಬಿಗೆ ಸಿಕ್ಕಿಹಾಕಿಕೊಂಡವು. ಅವನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಸುದ್ದಿ ಡ್ರೈವರನ ತನಕ ತಲುಪಿತ್ತು.